ಒಂದು ಫೀಡರ್ ಫಾಲ್ಟಿಗೆ ಊರೆಲ್ಲ ಏಕೆ ಕತ್ತಲೆ?

ಮುಂಗಾರಿನ ಗಾಳಿಗೆ ತೆಂಗಿನ ಗರಿಯೊಂದು 11 ಕೆವಿ ತಂತಿಗಳ ಮೇಲೆ ಬಿತ್ತೆನ್ನಿ. ಆ ಲೈನಿನ ಮೇಲಿರುವ ಹಳ್ಳಿಗಳಿಗೆ ಕರೆಂಟ್ ಹೋಗಬೇಕಾದ್ದೇ. ಆದರೆ ಕೆಲವೊಮ್ಮೆ ಅದೇ ಸ್ಟೇಷನ್ನಿಂದ ಹೊರಡುವ ಲೈನುಗಳೆಲ್ಲ ಒಟ್ಟಿಗೆ ಸತ್ತುಬಿಡುತ್ತವೆ. ಬೈಗುಳ ಗಾಳಿಗೂ ಲೈನ್‌ಮನ್‌ಗೂ ಸಲ್ಲುತ್ತದೆ. ನಿಜವಾದ ಕಾರಣ ಹಲವು ಸಲ ಕಂಟ್ರೋಲ್ ರೂಮಿನ ಪ್ಯಾನೆಲ್ಲಿನಲ್ಲಿ ಯಾರೋ ಯಾವಾಗಲೋ ಬದಲಿಸಿದ ಒಂದು ಸಣ್ಣ ಸಂಖ್ಯೆಯಾಗಿರುತ್ತದೆ.

ಒಂದು ಸಾಧಾರಣ 66/11 ಕೆವಿ ಸ್ಟೇಷನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 12.5 ಎಂವಿಎ ಟ್ರಾನ್ಸ್‌ಫಾರ್ಮರ್ 66 ಕೆವಿಯನ್ನು 11 ಕೆವಿಗೆ ಇಳಿಸಿ ಬಸ್‌ಗೆ ಕೊಡುತ್ತದೆ. ಟ್ರಾನ್ಸ್‌ಫಾರ್ಮರಿಗೂ ಬಸ್‌ಗೂ ನಡುವೆ ಇರುವ ಬ್ರೇಕರ್ ಇನ್‌ಕಮರ್. ಬಸ್‌ನಿಂದ ಊರುಗಳತ್ತ ಹೊರಡುವ ಲೈನುಗಳು ಫೀಡರುಗಳು. ಅವುಗಳಿಗೂ ತಲಾ ಒಂದು ಬ್ರೇಕರ್. ಪ್ರತಿ ಬ್ರೇಕರಿನ ಹಿಂದೆ ಕರೆಂಟನ್ನು ಅಳೆಯುತ್ತಾ ಕೂತ ಒಂದು ರಿಲೇ ಇರುತ್ತದೆ. ಫೀಡರಿನಲ್ಲಿ ಫಾಲ್ಟ್ ಆದಾಗ ಆ ಭಾರಿ ಕರೆಂಟ್ ಇನ್‌ಕಮರ್ ಮೂಲಕವೇ ಹರಿದು ಬರಬೇಕು, ಹಾಗಾಗಿ ಎರಡು ರಿಲೇಗಳೂ ಅದನ್ನು ಕಾಣುತ್ತವೆ. ಫೀಡರ್ ಮೊದಲು ಟ್ರಿಪ್ ಆಗಬೇಕು. ಅದು ಕೈಕೊಟ್ಟರೆ ಮಾತ್ರ ಇನ್‌ಕಮರ್. ಈ ಸರದಿಯನ್ನು ಕಾಲದ ಅಂತರದಿಂದ ಕಾಯುವುದಕ್ಕೆ ಗ್ರೇಡಿಂಗ್ ಎನ್ನುತ್ತಾರೆ.

ಇನ್‌ಕಮರ್ ಏಕೆ ಕಾಯಲೇಬೇಕು? ಬಸ್‌ನಲ್ಲೇ ಆದ ಫಾಲ್ಟಿಗೂ ಫೀಡರಿನ ಮೊದಲ ಕಂಬದ ಬುಡದಲ್ಲಿ ಆದ ಫಾಲ್ಟಿಗೂ ಕರೆಂಟಿನಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಕರೆಂಟ್ ನೋಡಿ ಫಾಲ್ಟ್ ಎಲ್ಲಿದೆ ಎಂದು ಇನ್‌ಕಮರಿಗೆ ಹೇಳಲಾಗದು. ಅದಕ್ಕೇ ಇನ್‌ಕಮರಿನಲ್ಲಿ ತಕ್ಷಣ ಟ್ರಿಪ್ ಮಾಡುವ ಹೈಸೆಟ್ ಅಂಶವನ್ನು ಸಾಮಾನ್ಯವಾಗಿ ಇಡುವುದಿಲ್ಲ. ಫೀಡರಿನಲ್ಲಿ ಇಡಬಹುದು.

ಐಡಿಎಂಟಿ ರಿಲೇ ಕರೆಂಟ್ ಹೆಚ್ಚಾದಷ್ಟೂ ಬೇಗ ಟ್ರಿಪ್ ಕೊಡುತ್ತದೆ. ಅದಕ್ಕೆ ಕೊಡಬೇಕಾದ ಸೆಟ್ಟಿಂಗ್ ಎರಡು. ಪಿಕಪ್ ಎಂದರೆ ಯಾವ ಕರೆಂಟ್ ದಾಟಿದ ಮೇಲೆ ಎಣಿಕೆ ಶುರು ಎಂಬುದು. ಟಿಎಂಎಸ್ ಎಂದರೆ ಆ ಎಣಿಕೆಯನ್ನು ಎಷ್ಟು ಉದ್ದ ಮಾಡಬೇಕು ಎಂಬುದು. ಹಳೆಯ ಡಿಸ್ಕ್ ರಿಲೇಗಳಲ್ಲಿ ಪಿಕಪ್ಪಿಗೆ ಒಂದು ಪ್ಲಗ್ಗನ್ನು ಬೇಕಾದ ತೂತಿಗೆ ಸಿಕ್ಕಿಸುತ್ತಿದ್ದರು. ಟಿಎಂಎಸ್ ಡಯಲ್ ತಿರುಗಿಸಿದರೆ ಡಿಸ್ಕ್ ಸುತ್ತಬೇಕಾದ ದೂರವೇ ಬದಲಾಗುತ್ತಿತ್ತು. ಈಗಿನ ನ್ಯೂಮರಿಕಲ್ ರಿಲೇಯಲ್ಲಿ ಎರಡೂ ಬರೀ ಸಂಖ್ಯೆಗಳು. ಹೆಚ್ಚು ಬಳಕೆಯಲ್ಲಿರುವ ಸ್ಟ್ಯಾಂಡರ್ಡ್ ಇನ್ವರ್ಸ್ ವಕ್ರರೇಖೆಯ ಸೂತ್ರ ಇದು:

```
t = TMS × 0.14 / ((I/Is)^0.02 − 1)
```

ಇಲ್ಲಿ I ಹರಿಯುತ್ತಿರುವ ಕರೆಂಟ್, Is ಪಿಕಪ್, t ಸೆಕೆಂಡಿನಲ್ಲಿ.

ಮೊದಲು ಪಿಕಪ್. ನಮ್ಮ ಫೀಡರಿನ ಗರಿಷ್ಠ ಲೋಡ್ 200 ಆಂಪಿಯರ್, ಲೈನಿನ ತುದಿಯಲ್ಲಿ ಎರಡು ಫೇಸ್ ತಾಗಿದಾಗ ಬರುವ ಅತಿ ಕಡಿಮೆ ಫಾಲ್ಟ್ ಕರೆಂಟ್ 780 ಆಂಪಿಯರ್ ಎಂದಿಟ್ಟುಕೊಳ್ಳಿ. ಪಿಕಪ್ ಈ ಎರಡರ ನಡುವೆ ಇರಬೇಕು. 300 ಇಟ್ಟರೆ ಲೋಡ್ ತಟ್ಟುವುದಿಲ್ಲ, ತುದಿಯ ಫಾಲ್ಟೂ ಪಿಕಪ್ಪಿನ ಎರಡೂವರೆ ಪಟ್ಟು ದಾಟುತ್ತದೆ. ಇನ್‌ಕಮರಿನಲ್ಲಿ ಟ್ರಾನ್ಸ್‌ಫಾರ್ಮರಿನ ಪೂರ್ಣ ಲೋಡ್ 656 ಆಂಪಿಯರ್, ಅದಕ್ಕೆ 800 ಇಡೋಣ.

ಆಮೇಲೆ ಕಾಲ. ಇದನ್ನು ಅತಿ ದೊಡ್ಡ ಫಾಲ್ಟಿನಲ್ಲೇ ಲೆಕ್ಕ ಹಾಕಬೇಕು, ಏಕೆಂದರೆ ಎರಡೂ ವಕ್ರರೇಖೆಗಳು ಅತಿ ಹತ್ತಿರ ಬರುವುದು ಅಲ್ಲಿ. ಸ್ಟೇಷನ್ನಿನ ಬಾಗಿಲ ಬಳಿ 6000 ಆಂಪಿಯರ್ ಬರುತ್ತದೆ ಎಂದಾದರೆ ಅದು ಫೀಡರ್ ಪಿಕಪ್ಪಿನ 20 ಪಟ್ಟು. ಟಿಎಂಎಸ್ 0.1 ಇಟ್ಟರೆ ಫೀಡರ್ ರಿಲೇ 0.23 ಸೆಕೆಂಡಿನಲ್ಲಿ ಟ್ರಿಪ್ ಕೊಡುತ್ತದೆ. ಆದರೆ ರಿಲೇ ಹೇಳಿದ ಕೂಡಲೇ ಕರೆಂಟ್ ನಿಲ್ಲುವುದಿಲ್ಲ. ಬ್ರೇಕರ್ ತೆರೆದು ಆರ್ಕ್ ಆರಲು ಸುಮಾರು 0.08 ಸೆಕೆಂಡ್ ಬೇಕು. ಜೊತೆಗೆ ಎರಡೂ ರಿಲೇಗಳ ಮತ್ತು ಸಿಟಿಗಳ ತಪ್ಪು ಎಣಿಕೆ, ಒಂದಿಷ್ಟು ಧೈರ್ಯಕ್ಕೆ. ಎಲ್ಲ ಸೇರಿ ನ್ಯೂಮರಿಕಲ್ ರಿಲೇಗಳ ನಡುವೆ 0.3 ಸೆಕೆಂಡ್ ಅಂತರ ಬಿಡುವುದು ರೂಢಿ. ಡಿಸ್ಕ್ ರಿಲೇಗಾದರೆ 0.4, ಕರೆಂಟ್ ನಿಂತ ಮೇಲೂ ಡಿಸ್ಕ್ ತನ್ನ ಓಟದಲ್ಲಿ ಇನ್ನಷ್ಟು ಜಾರುತ್ತದಲ್ಲ!

ಹಾಗಾದರೆ ಇನ್‌ಕಮರ್ 0.53 ಸೆಕೆಂಡ್ ಆದರೂ ಕಾಯಬೇಕು. 6000 ಆಂಪಿಯರ್ ಅದರ ಪಿಕಪ್ಪಿನ ಏಳೂವರೆ ಪಟ್ಟು, ಟಿಎಂಎಸ್ 1 ಇದ್ದರೆ 3.4 ಸೆಕೆಂಡ್. ಭಾಗಿಸಿದರೆ 0.155 ಸಿಗುತ್ತದೆ, ಮೇಲಕ್ಕೆ ಸರಿಸಿ 0.16 ಇಟ್ಟರೆ ಸಿಗುವ ಕಾಲ 0.545 ಸೆಕೆಂಡ್. ಲೆಕ್ಕ ಸರಿಹೋಯಿತು.

ಇದನ್ನು ಕೆಡಿಸುವುದು ಹೆಚ್ಚಾಗಿ ಪಂಪ್‌ಸೆಟ್ಟುಗಳು. ತ್ರೀ-ಫೇಸ್ ಕೊಡುವ ಹೊತ್ತಿಗೆ ಹೊಲದಲ್ಲಿ ರೈತರಿರುವುದಿಲ್ಲ, ಬೋರ್‌ವೆಲ್ಲಿನ ಆಟೋಸ್ಟಾರ್ಟರುಗಳಿರುತ್ತವೆ. ಫೀಡರ್ ಹಾಕಿದೊಡನೆ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು, 200 ಆಂಪಿಯರಿನ ಲೈನಿನಲ್ಲಿ ಒಂದೆರಡು ಕ್ಷಣ 700 ಹರಿಯಿತೆನ್ನಿ. ಟಿಎಂಎಸ್ 0.1ರಲ್ಲಿ ರಿಲೇ 0.8 ಸೆಕೆಂಡಿಗೇ ಟ್ರಿಪ್. ಮತ್ತೆ ಹಾಕು, ಮತ್ತೆ ಟ್ರಿಪ್. ರೈತರ ಫೋನು ಬೇರೆ. ಕೊನೆಗೆ ಯಾರೋ ಟಿಎಂಎಸ್ಸನ್ನು 0.2ಕ್ಕೆ ಏರಿಸುತ್ತಾರೆ, 1.6 ಸೆಕೆಂಡ್ ಸಿಗುತ್ತದೆ, ಲೈನು ನಿಲ್ಲುತ್ತದೆ. ಅವರನ್ನು ದೂರುವುದು ನ್ಯಾಯವಲ್ಲ. ಫೀಡರಿನ ಮಟ್ಟಿಗೆ ಆ ಬದಲಾವಣೆ ಸರಿಯೇ. ಆದರೆ ಇನ್‌ಕಮರಿನ ಸೆಟ್ಟಿಂಗನ್ನು ಯಾರೂ ನೋಡಿಲ್ಲ.

ಆಮೇಲೊಂದು ದಿನ ಆ ತೆಂಗಿನ ಗರಿ ಸ್ಟೇಷನ್ನಿನ ಹತ್ತಿರವೇ ಬೀಳುತ್ತದೆ. 6000 ಆಂಪಿಯರಿಗೆ ಫೀಡರ್ ರಿಲೇ ಈಗ 0.45 ಸೆಕೆಂಡಿಗೆ ಟ್ರಿಪ್ ಕೊಡುತ್ತದೆ, ಬ್ರೇಕರ್ ಕರೆಂಟ್ ಕತ್ತರಿಸುವಷ್ಟರಲ್ಲಿ 0.53 ಆಗಿರುತ್ತದೆ. ಇನ್‌ಕಮರಿನ ಸರದಿ 0.545ಕ್ಕೆ. ಉಳಿದ ಅಂತರವನ್ನು ರಿಲೇಯ ಸಣ್ಣ ತಪ್ಪೊಂದೇ ನುಂಗುತ್ತದೆ, ಎರಡೂ ಬ್ರೇಕರ್ ಬೀಳುತ್ತವೆ.

ಆಗ ಏನಾಯಿತೆಂದು ಪ್ಯಾನೆಲ್ಲೇ ಹೇಳುತ್ತದೆ. ಫೀಡರ್, ಇನ್‌ಕಮರ್ ಎರಡರಲ್ಲೂ ಓವರ್‌ಕರೆಂಟ್ ಇಂಡಿಕೇಷನ್ ಇದ್ದು ಎರಡೂ ಬ್ರೇಕರ್ ತೆರೆದಿದ್ದರೆ ಗ್ರೇಡಿಂಗ್ ಮೇಲೆ ಅನುಮಾನ. ರಿಲೇಯ ಈವೆಂಟ್ ರೆಕಾರ್ಡಿನಲ್ಲಿ ಎರಡು ಟ್ರಿಪ್‌ಗಳ ನಡುವಿನ ಮಿಲಿಸೆಕೆಂಡ್ ನೋಡಿದರೆ ಅದು ಖಚಿತವಾಗುತ್ತದೆ. ಫೀಡರಿನಲ್ಲಿ ಇಂಡಿಕೇಷನ್ ಇದ್ದೂ ಬ್ರೇಕರ್ ತೆರೆದೇ ಇಲ್ಲವಾದರೆ ಸೆಟ್ಟಿಂಗ್ ನಿರಪರಾಧಿ. ಟ್ರಿಪ್ ಕಾಯಿಲ್, ಡಿಸಿ ಬ್ಯಾಟರಿ, ಬ್ರೇಕರಿನ ಯಂತ್ರಭಾಗ ನೋಡಬೇಕು. ಇನ್‌ಕಮರಿನಲ್ಲಿ ಮಾತ್ರ ಇಂಡಿಕೇಷನ್ ಇದ್ದರೆ ಬಸ್‌ನಲ್ಲೇ ಫಾಲ್ಟ್ ಇರಬಹುದು, ಅಥವಾ ಯಾವುದೋ ಫೀಡರಿನ ರಿಲೇ ಕುರುಡಾಗಿರಬಹುದು. ಇದನ್ನು ನೋಡದೆ ಮತ್ತೆ ಚಾರ್ಜ್ ಮಾಡುವುದು ಅಪಾಯ.

ಸರಿಪಡಿಸುವ ದಾರಿಯೇನು? ಪಂಪುಗಳಿಗಾಗಿ 0.2 ಬೇಕೇ ಬೇಕೆಂದಾದರೆ ಫೀಡರಿನಲ್ಲಿ 3000 ಆಂಪಿಯರಿಗೆ ಹೈಸೆಟ್ ಇಡಬಹುದು. ಮೋಟಾರುಗಳ 700 ಅದನ್ನು ಮುಟ್ಟುವುದಿಲ್ಲ, ಹತ್ತಿರದ ದೊಡ್ಡ ಫಾಲ್ಟ್ ಮಾತ್ರ ತಡವಿಲ್ಲದೆ ಟ್ರಿಪ್ ಆಗುತ್ತದೆ. ಈಗ ಎರಡು ವಕ್ರರೇಖೆಗಳನ್ನು 6000ರಲ್ಲಿ ಹೋಲಿಸಬೇಕಿಲ್ಲ, 3000ರಲ್ಲಿ ಹೋಲಿಸಿದರೆ ಸಾಕು. ಅಲ್ಲಿ ಫೀಡರ್ 0.59 ಸೆಕೆಂಡ್. ಇನ್‌ಕಮರ್ 0.16ರಲ್ಲಿ 0.84 ಕೊಡುತ್ತದೆ, ಅಂತರ ಇನ್ನೂ ಸ್ವಲ್ಪ ಕಡಿಮೆ. 0.18ಕ್ಕೆ ಏರಿಸಿದರೆ 0.94, ಅಂತರ 0.35 ಸೆಕೆಂಡ್.

ಹಾಗೆಂದು ಇನ್‌ಕಮರನ್ನು ಬೇಕಾದಷ್ಟು ಏರಿಸುತ್ತಾ ಹೋಗಲಾಗದು. ಅದರ ಮೇಲೆ ಟ್ರಾನ್ಸ್‌ಫಾರ್ಮರಿನ 66 ಕೆವಿ ಬದಿಯ ರಿಲೇ ಇದೆ, ಅದಕ್ಕೂ ಇನ್ನೊಂದು ಅಂತರ ಬಿಡಬೇಕು. ಅದರಾಚೆ ಗ್ರಿಡ್ಡಿನವರ ಮಿತಿ. ಬಸ್‌ನಲ್ಲೇ ಫಾಲ್ಟ್ ಆದರೆ 0.18ರ ಇನ್‌ಕಮರ್ ಅದನ್ನು 0.61 ಸೆಕೆಂಡ್ ಉರಿಯಲು ಬಿಡುತ್ತದೆ. ಇಂಥ ಫಾಲ್ಟನ್ನು ಟ್ರಾನ್ಸ್‌ಫಾರ್ಮರ್ ತಡೆಯಬೇಕೆಂದು ಮಾನದಂಡ ಹೇಳುವುದು ಸಾಮಾನ್ಯವಾಗಿ 2 ಸೆಕೆಂಡ್. ಇನ್ನು ಲೈನಿನ ತುದಿಯ 780 ಆಂಪಿಯರ್ ಫಾಲ್ಟನ್ನು ಫೀಡರ್ ರಿಲೇ ತಪ್ಪಿಸಿಕೊಂಡರೆ, ಉಳಿದ ಫೀಡರುಗಳ ಲೋಡ್ ಹಗುರವಾಗಿರುವ ರಾತ್ರಿಯಲ್ಲಿ 800ರ ಇನ್‌ಕಮರ್ ಅದನ್ನು ಕಾಣದೆಯೂ ಇರಬಹುದು. ಪಿಕಪ್ ಇಳಿಸಿದರೆ ಸಂಜೆಯ ಪೂರ್ಣ ಲೋಡಿಗೇ ಟ್ರಿಪ್ ಆಗುತ್ತದೆ. ಆ ತುದಿಯ ಫಾಲ್ಟಿಗೆ ಲೈನಿನ ಮಧ್ಯದಲ್ಲೇ ಒಂದು ರೀಕ್ಲೋಸರ್ ಹಾಕಬೇಕು.