ಸ್ಟೋಮಾ ಸುತ್ತಲಿನ ಚರ್ಮ ಕೆಡದಂತೆ: ಮನೆಗೆ ಹೋಗುವ ಮುನ್ನ ಕಲಿಯಬೇಕಾದ ಪಾಠ

ಗುದದ್ವಾರಕ್ಕೆ ತೀರಾ ಹತ್ತಿರದಲ್ಲಿ ಕ್ಯಾನ್ಸರ್ ಬಂದಾಗ ಕೆಲವೊಮ್ಮೆ ಗುದನಾಳವನ್ನೂ ಗುದದ್ವಾರವನ್ನೂ ತೆಗೆದುಹಾಕಬೇಕಾಗುತ್ತದೆ. ಆಗ ಶಸ್ತ್ರವೈದ್ಯರು ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಇದು ಕೊಲೊಸ್ಟಮಿ. ಹೊರಗೆ ಕಾಣುವ ಕರುಳಿನ ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಅದನ್ನು ಬಿಗಿಹಿಡಿಯುವ ಸ್ನಾಯು ಇಲ್ಲದ ಕಾರಣ ಮಲ, ಗಾಳಿ ಎರಡನ್ನೂ ತಡೆಯಲಾಗದು. ಹೀಗಾಗಿ ಹೊಟ್ಟೆಗೆ ಅಂಟಿಸಿಕೊಳ್ಳುವ ಚೀಲ ಬೇಕು.

ಉದಾಹರಣೆಗೆ, ಅರವತ್ತು ದಾಟಿದ ಒಬ್ಬ ರೈತರಿಗೆ ಈ ಶಸ್ತ್ರಕ್ರಿಯೆ ಆಗಿದೆ ಎಂದುಕೊಳ್ಳಿ. ಅನುಭವಿ ನರ್ಸ್ ಎಲ್ಲವನ್ನೂ ಒಂದೇ ದಿನ ಹೇಳಿಕೊಡುವುದಿಲ್ಲ. ಮೊದಲ ಪಾಠ ನೋಡುವುದಷ್ಟೇ. ಸ್ಟೋಮಾ ಕೆನ್ನೆಯ ಒಳಭಾಗದಂತೆ ಕೆಂಪಗೆ, ಒದ್ದೆಯಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಟ್ಟೆಗೆ ಹತ್ತಿದರೆ ಗಾಬರಿ ಬೇಡ. ಎರಡನೇ ಪಾಠ ಚೀಲ ಖಾಲಿ ಮಾಡುವುದು. ಮೂರನೆಯದು ಪೂರ್ತಿ ಬದಲಿಸುವುದು: ಮೊದಲ ಸಲ ನರ್ಸ್ ಮಾಡುತ್ತಾರೆ, ರೋಗಿ ಮತ್ತು ಅವರ ಹೆಂಡತಿ ನೋಡುತ್ತಾರೆ. ಮುಂದಿನ ಸಲ ರೋಗಿಯ ಕೈಯೇ ಕೆಲಸ ಮಾಡಬೇಕು. "ಯಜಮಾನ್ರೇ, ಈಗ ನೀವೇ ಮಾಡಿ, ನಾನು ಪಕ್ಕದಲ್ಲೇ ಇರ್ತೀನಿ" ಎಂದು ನರ್ಸ್ ಕೈಕಟ್ಟಿ ನಿಲ್ಲುತ್ತಾರೆ. ಇದನ್ನು ಮಾಡಿ ತೋರಿಸಿದ ಮೇಲೆಯೇ ಮನೆಗೆ ಹೊರಡುವುದು ಒಳ್ಳೆಯದು.

ಸಾಮಾನ್ಯವಾಗಿ ಬಳಸುವ ಒಂದು ಬಗೆಯಲ್ಲಿ ಎರಡು ಭಾಗಗಳಿರುತ್ತವೆ: ಚರ್ಮಕ್ಕೆ ಅಂಟುವ ಬೇಸ್ ಪ್ಲೇಟ್, ಅದಕ್ಕೆ ಸಿಕ್ಕಿಸುವ ಚೀಲ. ಚೀಲ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತುಂಬಿದಾಗ ಕೆಳಗಿನ ಬಾಯಿ ತೆರೆದು ಖಾಲಿ ಮಾಡಬೇಕು. ಪೂರ್ತಿ ತುಂಬಲು ಬಿಟ್ಟರೆ ಆ ಭಾರಕ್ಕೆ ಪ್ಲೇಟ್ ಕಿತ್ತು ಬರುತ್ತದೆ. ಗಾಳಿ ಹೋಗಲೆಂದು ಚೀಲಕ್ಕೆ ಸೂಜಿಯಿಂದ ತೂತು ಮಾಡಬಾರದು. ಆಮೇಲೆ ದಿನವಿಡೀ ವಾಸನೆ. ಶೌಚಾಲಯಕ್ಕೆ ಹೋಗಿ ಬಾಯಿ ತೆರೆದರೆ ಗಾಳಿ ಹೋಗುತ್ತದೆ.

ಪ್ಲೇಟನ್ನು ಸಾಮಾನ್ಯವಾಗಿ ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸುತ್ತಾರೆ. ಬೆಳಿಗ್ಗೆ ತಿಂಡಿಗೆ ಮುಂಚೆ ಕರುಳು ಶಾಂತವಾಗಿರುವ ಕಾರಣ ಅದೇ ಅನುಕೂಲದ ಹೊತ್ತು. ಹೊಸ ಪ್ಲೇಟ್, ಚೀಲ, ಕತ್ತರಿ, ಉಗುರುಬೆಚ್ಚಗಿನ ನೀರು, ಮೆತ್ತನೆಯ ಹತ್ತಿ ಬಟ್ಟೆ, ಎಲ್ಲವನ್ನೂ ಮೊದಲೇ ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಹಳೆಯ ಪ್ಲೇಟನ್ನು ಒಂದೇ ಸಲಕ್ಕೆ ಕೀಳಬಾರದು. ಒಂದು ಕೈಯಲ್ಲಿ ಚರ್ಮವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಬೇಕು. ಸುತ್ತಲಿನ ಚರ್ಮವನ್ನು ಬರೀ ನೀರಿನಿಂದ ತೊಳೆದು, ಉಜ್ಜದೆ, ಒತ್ತಿ ಒಣಗಿಸಬೇಕು. ಡೆಟಾಲ್, ಸ್ಪಿರಿಟ್ ಚರ್ಮವನ್ನು ಸುಡುತ್ತವೆ. ಕೊಬ್ಬರಿ ಎಣ್ಣೆ, ಕ್ರೀಮ್ ಹಚ್ಚಿದರೆ ಪ್ಲೇಟ್ ಹಿಡಿಯುವುದಿಲ್ಲ. ಕೂದಲಿದ್ದರೆ ಟ್ರಿಮ್ಮರಿನಿಂದ ಚಿಕ್ಕದು ಮಾಡಿಕೊಳ್ಳಬಹುದು. ಹೊಸ ಪ್ಲೇಟನ್ನು ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈಯಿಂದ ಮೆತ್ತಗೆ ಒತ್ತಿ ಹಿಡಿದರೆ, ಮೈಯ ಬಿಸಿಗೆ ಅಂಟು ಕರಗಿ ಚರ್ಮಕ್ಕೆ ಕೂರುತ್ತದೆ.

ಚರ್ಮ ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಪ್ಲೇಟಿನಲ್ಲಿ ಕತ್ತರಿಸುವ ತೂತಿನ ಮೇಲೆ ನಿಂತಿದೆ. ಅದು ಸ್ಟೋಮಾದ ಅಳತೆಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಶಸ್ತ್ರಕ್ರಿಯೆಯಾದ ಹೊಸತರಲ್ಲಿ ಸ್ಟೋಮಾ ಊದಿಕೊಂಡಿರುತ್ತದೆ. ಆರೆಂಟು ವಾರಗಳಲ್ಲಿ ಕುಗ್ಗುತ್ತಾ ಬರುತ್ತದೆ. ನಮ್ಮ ರೈತರ ಸ್ಟೋಮಾ ಆಸ್ಪತ್ರೆಯಲ್ಲಿ 38 ಮಿಲಿಮೀಟರ್ ಇತ್ತು, ತೂತನ್ನು 40ಕ್ಕೆ ಕತ್ತರಿಸಿಕೊಟ್ಟರು ಎನ್ನೋಣ. ಆರು ವಾರಗಳಲ್ಲಿ ಅದು 30ಕ್ಕೆ ಇಳಿದಿರುತ್ತದೆ. ಮನೆಯಲ್ಲಿ ಹಳೆಯ ಅಳತೆಯಲ್ಲೇ ಕತ್ತರಿಸುತ್ತಾ ಹೋದರೆ ಸುತ್ತಲೂ 5 ಮಿಲಿಮೀಟರ್ ಚರ್ಮ ಬರಿದಾಗಿ, ಹಗಲು ರಾತ್ರಿ ಮಲಕ್ಕೆ ತಾಕುತ್ತದೆ. ಮೊದಲು ಕೆಂಪಾಗುತ್ತದೆ, ಆಮೇಲೆ ಉರಿ, ಕೊನೆಗೆ ಚರ್ಮ ಕಿತ್ತು ನೀರು ಒಸರುತ್ತದೆ. ಒದ್ದೆ ಚರ್ಮಕ್ಕೆ ಪ್ಲೇಟ್ ಅಂಟದೆ ಮತ್ತೆ ಸೋರುತ್ತದೆ. ಆದ್ದರಿಂದ ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಅಳತೆ ಕಾರ್ಡಿನಿಂದ ಅಳೆದು ಹೊಸದಾಗಿ ಕತ್ತರಿಸಬೇಕು. ಹಾಗೆಂದು ತೂತು ತೀರಾ ಬಿಗಿಯೂ ಆಗಬಾರದು. ಅಂಚು ಸ್ಟೋಮಾವನ್ನು ಕೊಯ್ಯುತ್ತದೆ.

ತೆಗೆದ ಪ್ಲೇಟನ್ನು ಎಸೆಯುವ ಮೊದಲು ತಿರುವಿ ಹಿಂಬದಿಯನ್ನು ನೋಡಬೇಕು. ಮಲ ಯಾವ ಕಡೆ ಒಳನುಗ್ಗಿದೆ ಎಂಬುದು ಅಲ್ಲಿ ಕಾಣುತ್ತದೆ. ಪ್ರತಿಸಲ ಒಂದೇ ಕಡೆ ಕಂಡರೆ ಆ ಜಾಗದಲ್ಲಿ ಚರ್ಮ ಮಡಿಸಿದೆ ಅಥವಾ ತಗ್ಗಿದೆ ಎಂದರ್ಥ. ಸ್ಟೋಮಾ ಪೇಸ್ಟ್ ಇಂಥ ತಗ್ಗನ್ನು ತುಂಬುವುದಕ್ಕೆ, ಅಂಟಿಸುವುದಕ್ಕಲ್ಲ. ಸುತ್ತಲೂ ಉಂಗುರದಂತೆ ಕೆಂಪಾಗಿದ್ದರೆ ತೂತು ದೊಡ್ಡದಾಗಿದೆ. ಪ್ಲೇಟಿನ ಆಕಾರದಲ್ಲೇ ಕೆಂಪಾಗಿ ತುರಿಸಿದರೆ ಅದರ ಅಂಟು ಮೈಗೆ ಒಗ್ಗಿಲ್ಲದಿರಬಹುದು. ಅಂಚಿನಾಚೆ ಚುಕ್ಕೆಚುಕ್ಕೆಯಾಗಿ ಕೆಂಪೆದ್ದು ತುರಿಸಿದರೆ ಶಿಲೀಂಧ್ರದ ಸೋಂಕಿರಬಹುದು. ಈ ಎರಡರಲ್ಲೂ ಆಸ್ಪತ್ರೆಯಲ್ಲಿ ತೋರಿಸಬೇಕು. ಚರ್ಮ ಸ್ವಲ್ಪ ಒಸರುತ್ತಿದ್ದರೆ ಸ್ಟೋಮಾ ಪೌಡರ್ ತೆಳುವಾಗಿ ಉದುರಿಸಿ, ಹೆಚ್ಚಾದುದನ್ನು ಒರೆಸಿ ಪ್ಲೇಟ್ ಹಾಕಬಹುದು. ಸೋರುವ ಪ್ಲೇಟಿನ ಮೇಲೆ ಟೇಪ್ ಸುತ್ತಿ ದಿನ ದೂಡಬಾರದು, ಒಳಗೆ ಮಲ ಚರ್ಮವನ್ನು ಕೊರೆಯುತ್ತಲೇ ಇರುತ್ತದೆ. ಎಷ್ಟು ಹೊತ್ತಾಗಿದ್ದರೂ ಸೋರಿದ ಕೂಡಲೇ ಬದಲಿಸಬೇಕು.

ಇನ್ನು ಊಟ. ಎಡಗಡೆಯ ಕೊಲೊಸ್ಟಮಿಯಲ್ಲಿ ದೊಡ್ಡ ಕರುಳಿನ ಬಹುಪಾಲು ಉಳಿದಿರುವ ಕಾರಣ ಮಲ ಸ್ವಲ್ಪ ಗಟ್ಟಿಯಾಗಿಯೇ ಬರುತ್ತದೆ. ಜೀವನಪೂರ್ತಿ ಪಥ್ಯ ಬೇಕಾಗಿಲ್ಲ. ಆದರೆ ಮೊದಲ ಕೆಲವು ವಾರ ಗಂಜಿ, ಮೆತ್ತನೆ ಅನ್ನ, ಇಡ್ಲಿ, ತೆಳು ಬೇಳೆ ಸಾರು, ಮೊಸರನ್ನದಂಥ ಸುಲಭವಾಗಿ ಜೀರ್ಣವಾಗುವ ಊಟವನ್ನು ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನುವುದು ಒಳ್ಳೆಯದು. ಆಮೇಲೆ ರಾಗಿ ಅಂಬಲಿ, ಅದು ಒಗ್ಗಿದರೆ ಮುದ್ದೆ, ಸೊಪ್ಪು, ಕಾಳು ಹೀಗೆ ಒಂದೊಂದಾಗಿ ಸೇರಿಸಬೇಕು. ಒಂದು ಹೊಸ ಪದಾರ್ಥವನ್ನು ಸ್ವಲ್ಪ ತಿಂದು ಎರಡು ಮೂರು ದಿನ ನೋಡಿ, ನಂತರ ಇನ್ನೊಂದು. ಆಗ ಯಾವುದರಿಂದ ತೊಂದರೆ ಎಂಬುದು ಗೊತ್ತಾಗುತ್ತದೆ.

ಅವರೆಕಾಳು, ಹುರುಳಿಕಾಳು, ಎಲೆಕೋಸು, ಮೂಲಂಗಿ, ಈರುಳ್ಳಿ, ಸೋಡಾ ಹಲವರಿಗೆ ಗಾಳಿ ಹೆಚ್ಚಿಸುತ್ತವೆ. ಮೊಟ್ಟೆ, ಮೀನು, ಬೆಳ್ಳುಳ್ಳಿ ವಾಸನೆ ಹೆಚ್ಚಿಸಬಹುದು. ತಿಂದ ಆರರಿಂದ ಎಂಟು ಗಂಟೆಯ ನಂತರ ಗಾಳಿ ಚೀಲ ತಲುಪುವುದರಿಂದ ಲೆಕ್ಕ ಹಾಕಿಕೊಳ್ಳಬಹುದು: ಸಂಜೆ ಮದುವೆಗೆ ಹೋಗಬೇಕಿದ್ದರೆ ಬೆಳಗಿನ ತಿಂಡಿಯಲ್ಲಿ ಅವರೆಕಾಳು ಬೇಡ. ಗಾಳಿಗೆ ಹೆದರಿ ಊಟ ಬಿಡುವುದು ತಪ್ಪು, ಖಾಲಿ ಹೊಟ್ಟೆಯಲ್ಲೂ ಗಾಳಿ ಆಗುತ್ತದೆ. ಮಲ ಗಟ್ಟಿಯಾದರೆ ನೀರು, ಹಣ್ಣು, ಬೆಂದ ತರಕಾರಿ ಹೆಚ್ಚಿಸಬೇಕು. ನೀರು ಮಿತವಾಗಿ ಕುಡಿಯಲು ಹೃದಯ ಅಥವಾ ಮೂತ್ರಪಿಂಡದ ವೈದ್ಯರು ಹೇಳಿದ್ದರೆ ಅವರ ಮಾತೇ ನಡೆಯಬೇಕು. ಮಲ ತೆಳುವಾದರೆ ಅನ್ನ, ಬಾಳೆಹಣ್ಣು, ಮಜ್ಜಿಗೆ ಸಹಾಯಕ್ಕೆ ಬರುತ್ತವೆ.

ಕೆಲವು ಲಕ್ಷಣಗಳಿಗೆ ಮನೆಮದ್ದು ನಡೆಯುವುದಿಲ್ಲ. ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ ರಕ್ತ ಸಂಚಾರ ನಿಂತಿರಬಹುದು. ಮಲ, ಗಾಳಿ ಎರಡೂ ನಿಂತು ಹೊಟ್ಟೆ ಉಬ್ಬಿ ವಾಂತಿಯಾದರೆ ಕರುಳು ಕಟ್ಟಿಕೊಂಡಿರಬಹುದು. ಚೀಲದೊಳಗೆ ರಕ್ತ ನಿಲ್ಲದೆ ಬರುತ್ತಿರಬಹುದು. ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾಗಿದ್ದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸ್ಟೋಮಾದ ಪಕ್ಕ ಹೊಸದಾಗಿ ಉಬ್ಬು ಕಂಡರೆ ಅದು ಹರ್ನಿಯಾ ಇರಬಹುದು, ಬೇಗ ತೋರಿಸಬೇಕು. ಇದೇ ಕಾರಣಕ್ಕೆ ನಮ್ಮ ರೈತರು ವೈದ್ಯರು ಒಪ್ಪುವ ತನಕ ಗೊಬ್ಬರದ ಮೂಟೆ ಎತ್ತಬಾರದು. ಆಸ್ಪತ್ರೆಯಿಂದ ಹೊರಡುವಾಗ ಈ ಲಕ್ಷಣಗಳ ಪಟ್ಟಿ, ಅಳತೆ ಕಾರ್ಡು, ನರ್ಸ್ ಸಿಗುವ ಫೋನ್ ಸಂಖ್ಯೆ ಮೂರನ್ನೂ ಕೇಳಿ ಪಡೆದುಕೊಂಡು ಬನ್ನಿ.