ಯೆಶಾಯನ ಒಂದು ವಚನ, ಎರಡು ಪಾಠ

ಹೀಬ್ರೂ ಬೈಬಲಿನ ಯೆಶಾಯನ ಗ್ರಂಥದ 7ನೇ ಅಧ್ಯಾಯದ 14ನೇ ವಚನ ಹುಟ್ಟಿದ್ದು ಯುದ್ಧದ ಭೀತಿಯಲ್ಲಿ. ಕ್ರಿ.ಪೂ. 735ರ ಸುಮಾರಿಗೆ ದಮಸ್ಕದ ಅರಸ ರೆಚೀನ, ಉತ್ತರದ ಇಸ್ರೇಲಿನ ಅರಸ ಪೆಕಹ ಇಬ್ಬರೂ ಕೂಡಿ ಜೆರುಸಲೇಮಿನ ಮೇಲೆ ದಂಡೆತ್ತಿ ಬಂದರು. ಯೆಹೂದದ ಅರಸ ಆಹಾಜ ನಡುಗಿಹೋಗಿದ್ದ. ಆಗ ಪ್ರವಾದಿ ಯೆಶಾಯ ಅವನಿಗೊಂದು ಗುರುತು ಹೇಳಿದ: ಹೆಣ್ಣೊಬ್ಬಳಿಗೆ ಮಗ ಹುಟ್ಟುತ್ತಾನೆ, ಅವನ ಹೆಸರು ಇಮ್ಮಾನುವೇಲ್, ಅಂದರೆ ‘ದೇವರು ನಮ್ಮೊಡನೆ’. ಆ ಮಗುವಿಗೆ ಒಳಿತು ಕೆಡುಕು ತಿಳಿಯುವಷ್ಟರಲ್ಲಿ ಈ ಇಬ್ಬರು ಅರಸರ ನಾಡು ಹಾಳಾಗಿರುತ್ತದೆ. ಕ್ರಿ.ಪೂ. 732ರಲ್ಲಿ ದಮಸ್ಕ ಅಸ್ಸೀರಿಯದ ಕೈಸೇರಿತು.

ಆ ಹೆಣ್ಣಿಗೆ ಹೀಬ್ರೂ ಬಳಸುವ ಪದ ‘ಅಲ್ಮಾ’. ಹರೆಯದ ಹುಡುಗ ಎಂಬ ಅರ್ಥದ ‘ಎಲೆಮ್’ ಪದದ ಸ್ತ್ರೀರೂಪ ಅದು. ಎಲೆಮ್ ಎಂದಾಗ ಯಾರೂ ಹುಡುಗನ ಬ್ರಹ್ಮಚರ್ಯದ ಲೆಕ್ಕ ಕೇಳುವುದಿಲ್ಲ. ಅಲ್ಮಾ ಹೇಳುವುದೂ ಪ್ರಾಯವನ್ನೇ. ಕನ್ಯೆ ಎಂಬುದಕ್ಕೆ ಹೆಚ್ಚು ಹತ್ತಿರವಾದ ‘ಬೆತೂಲಾ’ ಎಂಬ ಪದವನ್ನು ಯೆಶಾಯನ ಗ್ರಂಥವೇ ಬೇರೆಡೆ ಬಳಸಿದೆ, ಇಲ್ಲಿ ಬಳಸಿಲ್ಲ.

ಕ್ರಿಸ್ತನಿಗೂ ಮೊದಲೇ ಯೆಹೂದ್ಯರು ಸಿದ್ಧಪಡಿಸಿದ, ಸೆಪ್ಟುವಜಿಂಟ್ ಎನ್ನುವ ಗ್ರೀಕ್ ಅನುವಾದದಲ್ಲಿ ಅಲ್ಮಾ ಇದ್ದೆಡೆ ‘ಪಾರ್ಥೆನೋಸ್’ ಬಂತು. ಇದನ್ನು ಕನ್ಯೆ ಎಂದೇ ಸಾಮಾನ್ಯವಾಗಿ ತಿಳಿಯುತ್ತಾರೆ. ಆದರೆ ಅದೂ ಅಷ್ಟು ಬಿಗಿಯಾದ ಪದವಲ್ಲ. ಆದಿಕಾಂಡದ 34ನೇ ಅಧ್ಯಾಯದಲ್ಲಿ ದೀನಾಳ ಮೇಲೆ ಅತ್ಯಾಚಾರ ನಡೆದ ಮೇಲೂ ಇದೇ ಅನುವಾದ ಅವಳನ್ನು ಪಾರ್ಥೆನೋಸ್ ಎಂದೇ ಕರೆಯುತ್ತದೆ. ಆದ್ದರಿಂದ ಅನುವಾದಕನ ಮನಸ್ಸಿನಲ್ಲಿ ಪವಾಡವೇ ಇತ್ತೆಂದು ಈ ಒಂದು ಪದದಿಂದ ಹೇಳಲಾಗದು. ಈಗ ಕನ್ಯೆಯಾಗಿರುವವಳು ಮುಂದೆ ಮದುವೆಯಾಗಿ ಬಸಿರಾಗುತ್ತಾಳೆ ಎಂದೂ ಆ ವಾಕ್ಯವನ್ನು ಓದಬಹುದು.

ಹಾಗೆ ಓದಲು ಎಡೆಮಾಡಿಕೊಡುವುದು ಕಾಲದ ಬದಲಾವಣೆ. ವಾದಗಳಲ್ಲಿ ಇದು ಮರೆತುಹೋಗುವುದೇ ಹೆಚ್ಚು. ಹೀಬ್ರೂವಿನ ‘ಹಾರಾ’ ಬಸುರಿ ಎಂಬ ವಿಶೇಷಣ. ಅವಳು ಆಗಲೇ ಬಸುರಿ ಎಂದೂ ಅರ್ಥವಾಗುತ್ತದೆ. ಆದಿಕಾಂಡದ 16ನೇ ಅಧ್ಯಾಯದಲ್ಲಿ ಆಗಲೇ ಬಸುರಿಯಾಗಿದ್ದ ಹಾಗರಳಿಗೆ ದೇವದೂತ ಇದೇ ಪದ ಹೇಳುತ್ತಾನೆ, ಅಲ್ಲಿ ಗ್ರೀಕ್ ಅದನ್ನು ವರ್ತಮಾನದಲ್ಲೇ ಇಟ್ಟಿದೆ. ಯೆಶಾಯನಲ್ಲಿ ಮಾತ್ರ ಅದು ಭವಿಷ್ಯತ್ತಾಯಿತು.

ಹೆಸರಿಡುವವರೂ ಬದಲಾಗುತ್ತಾರೆ. ಹೀಬ್ರೂ ಪಾಠವನ್ನು ತಾಯಿಯೇ ಹೆಸರಿಡುತ್ತಾಳೆ ಎಂದು ಓದುವುದು ರೂಢಿ. ಸೆಪ್ಟುವಜಿಂಟಿನಲ್ಲಿ ‘ನೀನು’ ಹೆಸರಿಡುವೆ ಎಂದಿದೆ. ಯೇಸುವಿನ ಜನನಕ್ಕೆ ಈ ವಚನವನ್ನು ಅನ್ವಯಿಸಿದ ಮತ್ತಾಯನ ಸುವಾರ್ತೆಯಲ್ಲಿ ‘ಅವರು’ ಕರೆಯುವರು ಎಂದಾಗಿದೆ. ಮತ್ತಾಯ ಮರಿಯಳ ಕನ್ಯತ್ವವನ್ನು ಕಥೆಯಲ್ಲೇ ಬಿಡಿಸಿ ಹೇಳುವುದರಿಂದ, ಅವನಲ್ಲಿ ಪಾರ್ಥೆನೋಸಿನ ಅರ್ಥದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಜಗಳ ಶುರುವಾದದ್ದು ಆಮೇಲೆ. ಕ್ರಿ.ಶ. 2ನೇ ಶತಮಾನದಲ್ಲಿ ಜಸ್ಟಿನ್ ಬರೆದ ಸಂವಾದ ಗ್ರಂಥದಲ್ಲಿ ಟ್ರೈಫೋ ಎಂಬ ಯೆಹೂದ್ಯ, ಅಲ್ಲಿರಬೇಕಾದ ಪದ ಯುವತಿ ಎಂಬರ್ಥದ ‘ನೆಆನಿಸ್’ ಎಂದು ತಕರಾರು ತೆಗೆಯುತ್ತಾನೆ. ಅದೇ ಶತಮಾನದಲ್ಲಿ ಅಕ್ವಿಲ ಹೊಸದಾಗಿ ಗ್ರೀಕಿಗೆ ಅನುವಾದ ಮಾಡಿದಾಗ ಪಾರ್ಥೆನೋಸ್ ಬಿಟ್ಟು ನೆಆನಿಸ್ ಪದವನ್ನೇ ಇಟ್ಟ.