ಬೇಕಾದಲ್ಲಿ ಮಾತ್ರ ಹಿಗ್ಗುವ ಕಿಟಕಿ

ಕಪ್ಪು-ಬಿಳುಪು ಡಿಜಿಟಲ್ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಸಾಮಾನ್ಯವಾಗಿ 0ಯಿಂದ 255ರೊಳಗಿನ ಒಂದು ಬೆಲೆ ಇರುತ್ತದೆ. 0 ಅಂದರೆ ಕಡುಗಪ್ಪು, 255 ಅಂದರೆ ಅಚ್ಚ ಬಿಳುಪು. ಸೆನ್ಸರ್ ಕೆಟ್ಟಾಗಲೋ ರವಾನೆಯಲ್ಲಿ ಬಿಟ್‌ಗಳು ತಪ್ಪಾದಾಗಲೋ ಅಲ್ಲಲ್ಲಿ ಪಿಕ್ಸೆಲ್‌ಗಳು ನಿಜ ಬೆಲೆ ಕಳೆದುಕೊಂಡು ಈ ಎರಡು ತುದಿಗಳಲ್ಲಿ ಒಂದಕ್ಕೆ ಬೀಳುತ್ತವೆ. ಚಿತ್ರದ ಮೇಲೆ ಉಪ್ಪು, ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಾಣುತ್ತದೆ.

ಇದಕ್ಕೆ ಹಳೆಯ ಮದ್ದು ಮೀಡಿಯನ್ ಫಿಲ್ಟರ್. ಪಿಕ್ಸೆಲ್ ಸುತ್ತ 3×3ರ ಕಿಟಕಿ ಇಟ್ಟು, ಒಳಗಿನ ಒಂಬತ್ತು ಬೆಲೆಗಳನ್ನು ಏರಿಕೆಯಲ್ಲಿ ಜೋಡಿಸಿ, ಐದನೆಯದನ್ನು ನಡುವಿನ ಪಿಕ್ಸೆಲ್‌ಗೆ ಕೊಡುತ್ತದೆ. ಕಲೆ ವಿರಳವಾಗಿದ್ದರೆ ಅಷ್ಟು ಸಾಕು. ಆದರೆ ಅರ್ಧದಷ್ಟು ಪಿಕ್ಸೆಲ್‌ಗಳು ಕೆಟ್ಟಿವೆ, ಅವುಗಳಲ್ಲಿ ಕಪ್ಪು ಬಿಳುಪು ಸಮಸಮ ಎಂದುಕೊಳ್ಳಿ. ಆಗ ಒಂಬತ್ತರಲ್ಲಿ ಐದು ಅಥವಾ ಹೆಚ್ಚು ಒಂದೇ ಬಣ್ಣದ ಕಲೆಗಳಾಗಿರುವ ಸಂಭವ ಸುಮಾರು 10 ಶೇಕಡಾ. ಅಲ್ಲೆಲ್ಲ ಐದನೆಯದೂ ಕಲೆಯೇ. ಕಿಟಕಿಯನ್ನು 7×7 ಮಾಡಿದರೆ ಕಲೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಜೊತೆಗೆ ಚಿತ್ರದ ವಿವರವೂ ಹೋಗುತ್ತದೆ: ಎರಡು ಪಿಕ್ಸೆಲ್ ಅಗಲದ ನೇರ ಗೆರೆ ಆ ಕಿಟಕಿಯ 49ರಲ್ಲಿ 14 ಸ್ಥಾನ ಮಾತ್ರ ಪಡೆಯುವುದರಿಂದ ಅಳಿಸಿಹೋಗುತ್ತದೆ. ಕೆಡದ ಪಿಕ್ಸೆಲ್‌ಗಳನ್ನೂ ತಿದ್ದುವುದೇ ಈ ಸ್ಥಿರ ಫಿಲ್ಟರಿನ ದೊಡ್ಡ ದೋಷ ಎಂಬುದು ನನ್ನ ಅಭಿಪ್ರಾಯ.

ಅಡಾಪ್ಟಿವ್ ಮೀಡಿಯನ್ ಫಿಲ್ಟರ್ ಪ್ರತಿ ಜಾಗದಲ್ಲೂ ಮೊದಲು ಒಂದು ಪ್ರಶ್ನೆ ಕೇಳುತ್ತದೆ: ಸಿಕ್ಕ ನಡುಬೆಲೆಯನ್ನು ನಂಬಬಹುದೇ? ಒಂದು ಕಿಟಕಿಯಲ್ಲಿ 0, 118, 120, 122 ಮತ್ತು ಐದು 255ಗಳಿವೆ. ನಡುವಿನ ಪಿಕ್ಸೆಲ್ 120. ನಡುಬೆಲೆ 255, ಅದೇ ಕಿಟಕಿಯ ಗರಿಷ್ಠವೂ ಹೌದು. ನಂಬುವಂತಿಲ್ಲ. ಹಾಗಾಗಿ ಕಿಟಕಿ 5×5ಕ್ಕೆ ಹಿಗ್ಗುತ್ತದೆ. ಈಗ 25 ಬೆಲೆಗಳಲ್ಲಿ ಐದು 0, ಏಳು 255, ಉಳಿದ 13 ಒಳ್ಳೆಯವು. ಹದಿಮೂರನೆಯ ಸ್ಥಾನ ಒಳ್ಳೆಯವುಗಳ ನಡುವೆ ಬಂದು 121 ಸಿಗುತ್ತದೆ. ಅದು ಕನಿಷ್ಠವೂ ಅಲ್ಲ, ಗರಿಷ್ಠವೂ ಅಲ್ಲ. ಹಿಗ್ಗುವುದು ಇಲ್ಲಿಗೆ ನಿಲ್ಲುತ್ತದೆ.

ಆಮೇಲೆ ಎರಡನೆಯ ಪ್ರಶ್ನೆ: ನಡುವಿನ ಪಿಕ್ಸೆಲ್ ತಾನೇ ಕೆಟ್ಟಿದೆಯೇ? 120 ಎರಡು ತುದಿಗಳ ನಡುವೆ ಇರುವುದರಿಂದ ಅದನ್ನು ಮುಟ್ಟದೆ ಬಿಡಲಾಗುತ್ತದೆ. ಅಲ್ಲಿ 255 ಇದ್ದಿದ್ದರೆ ಮಾತ್ರ 121 ಬಂದು ಕೂರುತ್ತಿತ್ತು. ಮುಂದಿನ ಪಿಕ್ಸೆಲ್‌ಗೆ ಕಿಟಕಿ ಮತ್ತೆ 3×3ರಿಂದಲೇ ಶುರು.

ಹಿಗ್ಗುವುದಕ್ಕೊಂದು ಮಿತಿ ನಾವು ಕೊಡಬೇಕು, 7×7 ಎಂದಿಟ್ಟುಕೊಳ್ಳಿ. ಅಲ್ಲಿಗೆ ಬಂದರೂ ನಂಬುವ ಬೆಲೆ ಸಿಗದಿದ್ದರೆ ಇದ್ದ ನಡುಬೆಲೆಯನ್ನೇ ಕೊಡುತ್ತದೆ, ಅದು ಕಲೆಯೇ ಆಗಿದ್ದರೂ. ಫಲಿತಾಂಶದಲ್ಲಿ ಅಲ್ಲಲ್ಲಿ ಚುಕ್ಕೆಗಳ ಗುಂಪು ಉಳಿದಿದ್ದರೆ ಮಿತಿ ಸಾಲದು ಎಂದೇ ಅರ್ಥ. ಪೂರ್ತಿ ಬೆಳ್ಳಗಿರುವ ಆಕಾಶದಂಥ ಕಡೆ ಕನಿಷ್ಠ, ನಡು, ಗರಿಷ್ಠ ಮೂರೂ ಒಂದೇ ಆದ್ದರಿಂದ ಕಿಟಕಿ ಮಿತಿಯವರೆಗೆ ಸುಮ್ಮನೆ ಹಿಗ್ಗಿ ಸಮಯ ತಿನ್ನುತ್ತದೆ. ಇನ್ನು ಕೆಟ್ಟ ಪಿಕ್ಸೆಲ್ ತುದಿಗೆ ಬೀಳದೆ 90 ಅಥವಾ 170ರಂಥ ಯಾವುದೋ ಬೆಲೆ ಪಡೆದಿದ್ದರೆ, ಈ ಎರಡೂ ಪ್ರಶ್ನೆಗಳನ್ನು ದಾಟಿ ಹಾಗೇ ಉಳಿದುಬಿಡಬಹುದು. ಅಂಥ ಗದ್ದಲಕ್ಕೆ ಬೇರೆ ಫಿಲ್ಟರ್ ಬೇಕು.